ಮ್ಯಾನೇಜರಿನ ದೀರ್ಘ, ನಾನೇ ಎಂಬ ಏಕಾರ: ಕನ್ನಡದ ನಾಲಿಗೆಗೆ ಇಂಗ್ಲಿಷಿನ ಒತ್ತು ಮತ್ತು ಲಯ

‘ಐ ಕ್ಯಾನ್ ಸೆಂಡ್ ದ ರಿಪೋರ್ಟ್ ಟು ದ ಮ್ಯಾನೇಜರ್ ಆನ್ ಥರ್ಸ್‌ಡೇ.’

ಗುರುವಾರ ಮ್ಯಾನೇಜರಿಗೆ ವರದಿ ಕಳಿಸಬಲ್ಲೆ ಎನ್ನುವ ಈ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಪದಗಳೂ ಸರಿಯಾಗಿವೆ. ಆದರೂ ಬೆಂಗಳೂರಿನಿಂದ ಫೋನಿನಲ್ಲಿ ಇದರ 14 ಅಕ್ಷರಗಳಿಗೂ ಒಂದೇ ತೂಕ ಕೊಟ್ಟು ಹೇಳಿದರೆ, ಆ ಕಡೆಯ ಅಮೆರಿಕದವರಿಗೆ ಇದು ‘ಕಳಿಸಲಾರೆ’ ಎಂದು ಕೇಳಿಸಬಹುದು. ಅವರ ಮಾತಿನಲ್ಲಿ ‘ಕ್ಯಾಂಟ್’ ಪದದ ಕೊನೆಯ ಟಕಾರ ಬಹಳ ಸಲ ಬಾಯಿಂದ ಹೊರಗೇ ಬರುವುದಿಲ್ಲ. ಹಾಗಾಗಿ ಆಗುತ್ತದೆಯೋ ಇಲ್ಲವೋ ಎಂಬುದನ್ನು ಅವರ ಕಿವಿ ತೂಕ ನೋಡಿ ತೀರ್ಮಾನಿಸುತ್ತದೆ. ‘ಆಗುತ್ತದೆ’ ಎನ್ನುವಾಗ ‘ಕ್ಯಾನ್’ ಪದ ಸವೆದು ‘ಕನ್’ ಆಗಿ, ಮುಂದಿನ ‘ಸೆಂಡ್’ಗೆ ಅಂಟಿಕೊಂಡು ಸರಿದು ಹೋಗುತ್ತದೆ. ‘ಆಗುವುದಿಲ್ಲ’ ಎನ್ನುವಾಗ ಮಾತ್ರ ಅದು ಪೂರ್ತಿ ಬಾಯಿ ತೆರೆದ, ಒತ್ತು ಹೊತ್ತ ಪದ. ನಾವು ‘ಕ್ಯಾನ್’ ಎಂದು ಸ್ಪಷ್ಟವಾಗಿ ಹೇಳಿದಷ್ಟೂ ಅವರಿಗೆ ‘ಕ್ಯಾಂಟ್’ ಎಂದು ಕೇಳಿಸುವ ಸಾಧ್ಯತೆ ಹೆಚ್ಚುತ್ತದೆ.

ಇದೊಂದು ವಾಕ್ಯವನ್ನೇ ಹಿಡಿದು ನೋಡಿದರೆ ಕನ್ನಡಿಗರಿಗೆ ಇಂಗ್ಲಿಷಿನ ಒತ್ತು ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಎಂಬುದು ಬಹುಮಟ್ಟಿಗೆ ಕಾಣುತ್ತದೆ. ‘ಅಕ್ಷರ’ ಎಂಬ ಮಾತನ್ನು ಛಂದಸ್ಸಿನ ಅರ್ಥದಲ್ಲಿ ಬಳಸಿದ್ದೇವೆ: ಒಂದು ಸ್ವರ, ಅದರ ಸುತ್ತ ಕೂಡಿಕೊಂಡ ವ್ಯಂಜನಗಳು. ಈ ಲೆಕ್ಕದಲ್ಲಿ ‘ಪೋರ್ಟ್’ ಒಂದೇ ಅಕ್ಷರ. ‘ಒತ್ತು’ ಎಂದರೆ ಇಲ್ಲಿ ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು.

ಲಘು ಗುರುವಿನ ಭಾಷೆಯಿಂದ ಒತ್ತಿನ ಭಾಷೆಗೆ

ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಆದ ಅಳತೆ ಇದೆ. ಲಘುವಿಗೆ 1 ಮಾತ್ರೆ, ಗುರುವಿಗೆ 2. ಬಳೆ ಬೇರೆ, ಬಾಳೆ ಬೇರೆ. ಕತೆ ಬೇರೆ, ಕತ್ತೆ ಬೇರೆ. ಉದ್ದ ತಪ್ಪಿದರೆ ಅರ್ಥ ತಪ್ಪುತ್ತದೆ. ಆದ್ದರಿಂದ ಚಿಕ್ಕಂದಿನಿಂದಲೂ ನಮ್ಮ ಕಿವಿ ಹ್ರಸ್ವ, ದೀರ್ಘ, ದ್ವಿತ್ವಗಳನ್ನು ಕಾಯುತ್ತದೆ. ದನಿಯನ್ನು ಯಾವ ಅಕ್ಷರದ ಮೇಲೆ ಊರಿದರು ಎಂಬುದನ್ನು ಅದು ಕಾಯುವುದಿಲ್ಲ, ಏಕೆಂದರೆ ಅದರಿಂದ ಕನ್ನಡದ ಯಾವ ಪದದ ಅರ್ಥವೂ ಬದಲಾಗುವುದಿಲ್ಲ. ಪದದ ಮೊದಲ ಅಕ್ಷರ ತುಸು ಎದ್ದು ಕೇಳುತ್ತದೆ, ಅಷ್ಟೇ.

ಇಂಗ್ಲಿಷಿನಲ್ಲಿ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟ ರೆ-ಕಾರ್ಡ್ ಎಂದರೆ ದಾಖಲೆ, ಎರಡನೆಯದಕ್ಕೆ ಒತ್ತು ಕೊಟ್ಟ ರಿ-ಕಾರ್ಡ್ ಎಂದರೆ ದಾಖಲಿಸು. ಬರೆಯುವ ಅಕ್ಷರಗಳು ಒಂದೇ, ಒತ್ತು ಸರಿದಾಗ ನಾಮಪದ ಕ್ರಿಯಾಪದವಾಗುತ್ತದೆ. ಈ ಒತ್ತಿನಲ್ಲಿ ನಾಲ್ಕು ಸಂಗತಿಗಳು ಕೂಡಿರುತ್ತವೆ: ದನಿಯ ಸ್ಥಾಯಿ ಆ ಅಕ್ಷರದಲ್ಲಿ ಏರುತ್ತದೆ ಅಥವಾ ತಿರುಗುತ್ತದೆ, ಅಕ್ಷರ ತುಸು ಉದ್ದವಾಗುತ್ತದೆ, ತುಸು ಜೋರಾಗುತ್ತದೆ, ಅದರ ಸ್ವರ ಪೂರ್ತಿ ಸ್ಪಷ್ಟವಾಗಿರುತ್ತದೆ. ಈ ನಾಲ್ಕನೆಯದಕ್ಕೆ ಇನ್ನೊಂದು ಮುಖವಿದೆ, ನಾವು ಎಡವುವುದು ಹೆಚ್ಚಾಗಿ ಅಲ್ಲಿ. ಒತ್ತಿಲ್ಲದ ಅಕ್ಷರದ ಸ್ವರ ಅಸ್ಪಷ್ಟವಾಗಬೇಕು. ‘ಎ’, ‘ಒ’, ‘ಆ’ ಏನೇ ಬರೆದಿರಲಿ, ಬಾಯಿಯಲ್ಲಿ ಅದು ಒಂದು ಸಣ್ಣ ‘ಅ’ ಅಥವಾ ಸಣ್ಣ ‘ಇ’ ಆಗಿ ಸವೆಯಬೇಕು. ಆ ಸಣ್ಣ ‘ಅ’ಕಾರಕ್ಕೆ ಧ್ವನಿಶಾಸ್ತ್ರದಲ್ಲಿ ಷ್ವಾ ಎಂದು ಹೆಸರು.

ಈ ಸವೆತ ನಮಗೆ ಹೊಸದೇನಲ್ಲ. ‘ಕೆಲಸ’ ಎಂದು ಬರೆದು ‘ಕೆಲ್ಸ’ ಎನ್ನುತ್ತೇವೆ. ಎರಡು ‘ಎರ್ಡು’ ಆಗುತ್ತದೆ, ಬೆಂಗಳೂರು ‘ಬೆಂಗ್ಳೂರು’ ಆಗುತ್ತದೆ. ಆದರೆ ಕನ್ನಡ ಸವೆಸುವುದು ಪದದ ನಡುವನ್ನು, ತುದಿಯನ್ನು. ಮೊದಲ ಅಕ್ಷರವನ್ನು ಮುಟ್ಟುವುದಿಲ್ಲ. ಇಂಗ್ಲಿಷಿನ ಎಷ್ಟೋ ಪದಗಳಲ್ಲಿ ತಗ್ಗಬೇಕಾದ್ದು ಆ ಮೊದಲ ಅಕ್ಷರವೇ, ಒತ್ತು ಎರಡನೆಯದಕ್ಕೆ: ರಿ-ಪೋರ್ಟ್, ಡಿ-ವೆ-ಲಪ್, ಹೊ-ಟೆಲ್. ನಮ್ಮ ‘ಹೋಟ್ಲು’ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲಿಷಿನಲ್ಲಿ ಒತ್ತು ಬೀಳುವ ‘ಟೆ’ಯ ಸ್ವರವನ್ನೇ ನಾವು ಬಿಟ್ಟಿದ್ದೇವೆ, ಒತ್ತಿಲ್ಲದ ‘ಹೊ’ವನ್ನು ದೀರ್ಘ ಮಾಡಿದ್ದೇವೆ. ಕನ್ನಡ ಮಾತಿನೊಳಗೆ ‘ಹೋಟ್ಲು’ ಸರಿಯಾದ ಕನ್ನಡ ಪದವೇ. ಇಂಗ್ಲಿಷ್ ವಾಕ್ಯದೊಳಕ್ಕೆ ಅದೇ ತೂಕವನ್ನು ಹೊತ್ತು ಹೋದಾಗ ಮಾತ್ರ ತೊಂದರೆ.

ಬರಹ ಕಲಿಸಿದ ದೀರ್ಘಗಳು

ಮೊದಲ ವಾಕ್ಯದ ‘ಮ್ಯಾನೇಜರ್’ ನೋಡಿ. ಕನ್ನಡದಲ್ಲಿ ‘ನೇ’ ದೀರ್ಘ. ಮ್ಯಾ, ನೇ, ಜರ್ ಮೂರೂ ಗುರು. ಇಂಗ್ಲಿಷ್ ಕಿವಿಗೆ ಇಲ್ಲಿ ಎರಡನೆಯ ಅಕ್ಷರದ ಮೇಲೆ ಒತ್ತು ಬಿದ್ದಂತೆ ಕೇಳುತ್ತದೆ. ಅಲ್ಲಿ ಇರಬೇಕಾದ್ದು ಮೊದಲ ಅಕ್ಷರಕ್ಕೆ ಒತ್ತು ಬೀಳುವ ಮ್ಯಾ-ನಿ-ಜರ್. ‘ನಿ’ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಬೇಕು.

ಇದು ಒಂದು ಪದದ ಕತೆಯಲ್ಲ. ಇಂಗ್ಲಿಷಿನಲ್ಲಿ ‘ಏಜ್’ ಎಂದು ಓದುವಂತೆ ಬರೆಯುವ ತುದಿ, ಒತ್ತಿಲ್ಲದಿದ್ದಾಗ ‘ಇಜ್’ ಆಗುತ್ತದೆ. ಬರಹ ನೋಡಿ ಕಲಿತವರು ಅದನ್ನು ದೀರ್ಘ ಮಾಡಿಕೊಂಡಿದ್ದಾರೆ. ಮೆಸೇಜ್ ಅಲ್ಲಿ ಮೆ-ಸಿಜ್. ವಿಲೇಜ್ ವಿ-ಲಿಜ್. ಇಮೇಜ್ ಇ-ಮಿಜ್. ಪ್ಯಾಕೇಜ್, ಡ್ಯಾಮೇಜ್, ಲಗೇಜ್ ಎಲ್ಲವೂ ಹೀಗೆಯೇ. ಬರಹ ತುಸು ಬೇರೆಯಾದರೂ ಕಾಲೇಜಿನದೂ ಇದೇ ದಾರಿ: ಕಾ-ಲಿಜ್. ಗ್ಯಾರೇಜ್, ಮಸಾಜ್ ಪದಗಳು ಫ್ರೆಂಚಿನಿಂದ ತಡವಾಗಿ ಬಂದವು, ಅಮೆರಿಕದವರ ಮಾತಿನಲ್ಲಿ ಅವು ಈ ಗುಂಪಿಗೆ ಸೇರುವುದಿಲ್ಲ. ‘ಟೀನೇಜರ್’ ಕೂಡ ಸೇರುವುದಿಲ್ಲ. ಅದರಲ್ಲಿ ‘ಏಜ್’ ವಯಸ್ಸು ಎಂಬ ಅರ್ಥದ ಬಿಡಿಪದ, ಹಾಗಾಗಿ ಅದು ಸವೆಯದೆ ಪೂರ್ತಿ ಉಳಿಯುತ್ತದೆ. ಮ್ಯಾನೇಜರ್, ಟೀನೇಜರ್ ಎರಡನ್ನೂ ಪಕ್ಕಪಕ್ಕದಲ್ಲಿ ಹೇಳಿ ನೋಡಿದರೆ ವ್ಯತ್ಯಾಸ ಬಾಯಿಗೆ ಸಿಗುತ್ತದೆ.

‘ಏಟ್’ ಎಂದು ಓದಿಸುವ ತುದಿಯೂ ಹೀಗೆಯೇ. ಪ್ರೈವೇಟ್ ಪ್ರೈ-ವಿಟ್, ಕ್ಲೈಮೇಟ್ ಕ್ಲೈ-ಮಿಟ್, ಚಾಕೊಲೇಟ್ ಚಾಕ್-ಲಿಟ್. ಸರ್ಟಿಫಿಕೇಟ್ ಪದದಲ್ಲಿ ನಾವು ಕೊನೆಯ ‘ಕೇಟ್’ ಮೇಲೆ ನಿಲ್ಲುತ್ತೇವೆ, ಅಲ್ಲಿ ಅದು ಎರಡನೆಯ ಅಕ್ಷರಕ್ಕೆ ಒತ್ತು ಬೀಳುವ ಸರ್-ಟಿ-ಫಿ-ಕಿಟ್. ಕ್ರಿಯಾಪದವಾದರೆ ಮಾತ್ರ ತುದಿಯ ‘ಏಟ್’ ಪೂರ್ತಿ ಉಳಿಯುತ್ತದೆ: ಅಂದಾಜು ಎಂಬರ್ಥದ ಎಸ್-ಟಿ-ಮಿಟ್, ಅಂದಾಜಿಸು ಎಂಬರ್ಥದ ಎಸ್-ಟಿ-ಮೇಟ್. ಮೈಸೂರಿಗೆ ಬಂದವರಿಗೆ ‘ಪ್ಯಾಲೇಸ್’ ತೋರಿಸುತ್ತೇವಲ್ಲ, ಅದು ಪ್ಯಾ-ಲಿಸ್. ಸರ್ಫೇಸ್, ನೆಕ್ಲೇಸ್ ಕೂಡ ಸರ್-ಫಿಸ್, ನೆಕ್-ಲಿಸ್. ಸಿನಿಮಾದ ‘ವಿಲನ್’ ಮಾತ್ರ ಈ ಬಲೆಯಿಂದ ತಪ್ಪಿಸಿಕೊಂಡಿದ್ದಾನೆ. ಬರಹ ನೋಡಿ ಓದಿದ್ದರೆ ಅವನು ‘ವಿಲೇನ್’ ಆಗುತ್ತಿದ್ದ.

ಇನ್ನೊಂದು ಬಲೆ ಜೋಡಿ ವ್ಯಂಜನದ್ದು. ಇಂಗ್ಲಿಷ್ ಬರಹದಲ್ಲಿ ಒಂದೇ ವ್ಯಂಜನ ಎರಡು ಸಲ ಬಂದರೆ ನಮ್ಮ ನಾಲಿಗೆ ತಾನಾಗಿ ದ್ವಿತ್ವ ಮಾಡುತ್ತದೆ: ಸಪ್ಪೋರ್ಟ್, ಅಟ್ಟೆಂಡ್, ಕಮ್ಮಿಟಿ. ದ್ವಿತ್ವ ಬಂದ ಕೂಡಲೇ ಅದರ ಹಿಂದಿನ ಅಕ್ಷರ ಗುರುವಾಗುತ್ತದೆ, ಇದು ನಮ್ಮ ಛಂದಸ್ಸಿನ ನಿಯಮವೇ. ಇಂಗ್ಲಿಷಿನಲ್ಲಿ ಒಂದೇ ಪದದೊಳಗೆ ದ್ವಿತ್ವ ಎಂಬುದು ಇಲ್ಲ, ಜೋಡಿಯಾಗಿ ಬರೆದರೂ ಹೇಳುವುದು ಒಂದೇ ಸಲ. ‘ಹ್ಯಾಪಿ’ಯನ್ನು ‘ಹ್ಯಾಪ್ಪಿ’ ಎಂದರೆ ಹೆಚ್ಚು ಕೆಡುವುದಿಲ್ಲ, ಏಕೆಂದರೆ ಒತ್ತು ಹೇಗೂ ಮೊದಲ ಅಕ್ಷರದ ಮೇಲಿದೆ. ಆದರೆ ಸ-ಪೋರ್ಟ್, ಅ-ಟೆಂಡ್, ಕ-ಮಿ-ಟಿ ಪದಗಳಲ್ಲಿ ಒತ್ತು ಎರಡನೆಯ ಅಕ್ಷರದ ಮೇಲಿದೆ. ದ್ವಿತ್ವ ಮಾಡಿದರೆ ಹಗುರಾಗಬೇಕಾದ ಮೊದಲ ಅಕ್ಷರವೇ ಭಾರವಾಗಿ, ಕೇಳುವವರ ಕಿವಿ ಬೇರೆ ಪದವನ್ನು ಹುಡುಕತೊಡಗುತ್ತದೆ.

ಒತ್ತು ಎಲ್ಲಿದೆ ಎಂದು ಪ್ರತಿ ಪದಕ್ಕೂ ಕಂಠಪಾಠ ಮಾಡಬೇಕಿಲ್ಲ. ‘ಶನ್’, ‘ಇಕ್’, ‘ಇಟಿ’ ತುದಿಗಳಿರುವ ಪದಗಳಲ್ಲಿ ಒತ್ತು ಬಹುಪಾಲು ಆ ತುದಿಗೆ ಸರಿಯಾಗಿ ಹಿಂದಿನ ಅಕ್ಷರದ ಮೇಲೆ ಬೀಳುತ್ತದೆ: ಎಜು-ಕೇ-ಶನ್, ಎಕ-ನಾ-ಮಿಕ್, ಅ-ಬಿ-ಲಿಟಿ ಎನ್ನುವಂತೆ. ಉಳಿದದ್ದಕ್ಕೆ ನಿಘಂಟು ನೋಡಬೇಕು. ಆಕ್ಸ್‌ಫರ್ಡ್, ಕೇಂಬ್ರಿಜ್ ನಿಘಂಟುಗಳಲ್ಲಿ ಉಚ್ಚಾರಣೆಯ ಸಾಲಿನೊಳಗೆ ಮೇಲ್ಗಡೆ ˈ ಎಂಬ ಸಣ್ಣ ಗೀರು ಇರುತ್ತದೆ. ಅದರ ನಂತರ ಬರುವ ಅಕ್ಷರಕ್ಕೆ ಒತ್ತು. ಗೀರು ಹಿಂದಿನ ಅಕ್ಷರದ್ದು ಎಂದು ತಪ್ಪು ತಿಳಿದವರು ಬಹಳ ಮಂದಿ.

ಒತ್ತು ಕೊಡಿ ಎಂದಾಗ ಆಗುವ ತಪ್ಪು

‘ಇಲ್ಲಿ ಒತ್ತು ಕೊಡಿ’ ಎಂದರೆ ಕನ್ನಡಿಗರು ಸಾಮಾನ್ಯವಾಗಿ ಆ ಸ್ವರವನ್ನು ಎಳೆಯುತ್ತಾರೆ. ನಮ್ಮಲ್ಲಿ ತೂಕ ಎಂದರೆ ಉದ್ದ ತಾನೆ. ಆದರೆ ಎಳೆದ ಕೂಡಲೇ ನಮ್ಮ ಬಾಯಿ ಹ್ರಸ್ವವನ್ನು ದೀರ್ಘ ಮಾಡಿಬಿಡುತ್ತದೆ. ಕ-ಮಿ-ಟಿ ಹೋಗಿ ‘ಕಮೀಟಿ’ ಆಗುತ್ತದೆ, ಡಿ-ವೆ-ಲಪ್ ಹೋಗಿ ‘ಡಿವೇಲಪ್’ ಆಗುತ್ತದೆ. ಈಗ ಒತ್ತು ಸರಿಯಿದೆ, ಸ್ವರ ಕೆಟ್ಟಿದೆ. ಇದೇ ಅಭ್ಯಾಸದಿಂದ ‘ಬದುಕು’ ಎಂಬ ಅರ್ಥದ ‘ಲಿವ್’ ಪದ ‘ಬಿಡು’ ಎಂಬ ಅರ್ಥದ ‘ಲೀವ್’ ಆಗುವುದೂ ಉಂಟು.

ಹ್ರಸ್ವ ಸ್ವರದ ಮೇಲೆ ಒತ್ತು ಬಂದಾಗ ಉದ್ದವನ್ನು ಮರೆತು ಸ್ಥಾಯಿಯನ್ನು ಹಿಡಿಯಬೇಕು. ಹಾಡುವಾಗ ಷಡ್ಜದಿಂದ ಗಾಂಧಾರಕ್ಕೆ ಹಾರಿ ಮತ್ತೆ ಇಳಿದಂತೆ: ‘ಕ’ ಕೆಳಗೆ, ‘ಮಿ’ ಮೇಲೆ, ‘ಟಿ’ ಕೆಳಗೆ. ‘ಮಿ’ ಎತ್ತರದಲ್ಲಿರಲಿ, ಚಿಕ್ಕದಾಗಿಯೇ ಇರಲಿ. ದೀರ್ಘ ಸ್ವರವಿರುವ ‘ರಿ-ಪೋರ್ಟ್’ನಂಥ ಪದಗಳಲ್ಲಿ ಎಳೆದರೂ ನಷ್ಟವಿಲ್ಲ. ಎರಡೂ ಬಗೆಯಲ್ಲಿ ಅರ್ಧ ಕೆಲಸ ಉಳಿದ ಅಕ್ಷರಗಳನ್ನು ತಗ್ಗಿಸುವುದರಲ್ಲಿದೆ. ಒಂದು ಅಕ್ಷರವನ್ನು ಜೋರು ಮಾಡಿ ಉಳಿದವನ್ನೂ ಪೂರ್ತಿ ಸ್ವರದಲ್ಲಿ ಹೇಳಿದರೆ ಮಾತು ಜಗಳದಂತೆ ಕೇಳುತ್ತದೆ, ಒತ್ತು ಕೇಳುವುದಿಲ್ಲ.

ಏಕಾರದ ಕೆಲಸ ಅಲ್ಲಿ ದನಿ ಮಾಡುತ್ತದೆ

ಪದದಿಂದ ವಾಕ್ಯಕ್ಕೆ ಬಂದರೆ ಕನ್ನಡಿಗರ ಕೈಯಲ್ಲಿ ಒಂದು ಒಳ್ಳೆಯ ಉಪಕರಣ ಇದೆ. ಬಹಳ ಜನ ಅದನ್ನು ಗಮನಿಸಿಲ್ಲ. ಒಂದು ಮಾತನ್ನು ಎತ್ತಿ ತೋರಿಸಲು ನಾವು ಏಕಾರ ಹಚ್ಚುತ್ತೇವೆ. ‘ವರದಿ ನಾನೇ ಕಳಿಸಿದೆ’ ಎಂದರೆ ಬೇರೆಯವರಲ್ಲ. ‘ವರದಿ ಮ್ಯಾನೇಜರಿಗೇ ಕಳಿಸಿದೆ’ ಎಂದರೆ ಗುಮಾಸ್ತರಿಗಲ್ಲ. ‘ವರದಿ ನಿನ್ನೆಯೇ ಕಳಿಸಿದೆ’ ಎಂದರೆ ಇವತ್ತಲ್ಲ. ಇಂಗ್ಲಿಷಿನಲ್ಲಿ ಹೀಗೆ ಹಚ್ಚಲು ಪ್ರತ್ಯಯ ಇಲ್ಲ. ಪದಗಳು ಇದ್ದಲ್ಲಿಯೇ ಇರುತ್ತವೆ, ವಾಕ್ಯದ ಅತಿ ದೊಡ್ಡ ಒತ್ತು ಮಾತ್ರ ಮೊದಲು ‘ಐ’, ಆಮೇಲೆ ‘ಮ್ಯಾ’, ಕೊನೆಗೆ ‘ಯೆಸ್’ ಮೇಲಕ್ಕೆ ಸರಿಯುತ್ತದೆ:

ಐ ಸೆಂಟ್ ಇಟ್ ಟು ದ ಮ್ಯಾನಿಜರ್ ಯೆಸ್ಟರ್ಡೇ. (ನಾನೇ)
ಐ ಸೆಂಟ್ ಇಟ್ ಟು ದ ಮ್ಯಾನಿಜರ್ ಯೆಸ್ಟರ್ಡೇ. (ಮ್ಯಾನೇಜರಿಗೇ)
ಐ ಸೆಂಟ್ ಇಟ್ ಟು ದ ಮ್ಯಾನಿಜರ್ ಯೆಸ್ಟರ್ಡೇ. (ನಿನ್ನೆಯೇ)

ಈ ಸರಿಯುವಿಕೆ ಅಭ್ಯಾಸವಿಲ್ಲದ ಕಾರಣ ನಾವು ಏಕಾರಕ್ಕೆ ಬದಲಾಗಿ ಪದವೊಂದನ್ನು ತಂದು ಕೂರಿಸುತ್ತೇವೆ. ‘ಐ ಓನ್ಲಿ ಸೆಂಟ್ ಇಟ್’, ‘ಟುಡೇ ಇಟ್ಸೆಲ್ಫ್ ಐ ವಿಲ್ ಸೆಂಡ್’ ಎನ್ನುತ್ತೇವೆ. ಭಾರತದೊಳಗೆ ಇದು ಎಲ್ಲರಿಗೂ ಅರ್ಥವಾಗುತ್ತದೆ. ಹೊರಗಿನವರಿಗೆ ಮಾತ್ರ ‘ಐ ಓನ್ಲಿ ಸೆಂಟ್ ಇಟ್’ ಎಂದರೆ ‘ಕಳಿಸಿದೆ ಅಷ್ಟೇ, ಬೇರೇನೂ ಮಾಡಲಿಲ್ಲ’ ಎಂಬ ಅರ್ಥ ಬರುತ್ತದೆ. ‘ನಾನೇ’ ಎಂಬ ಹೆಮ್ಮೆ ಅಲ್ಲಿಗೆ ತಲುಪುವುದಿಲ್ಲ.

ಅಭ್ಯಾಸ ಹೀಗೆ ಮಾಡಬೇಕು. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿ, ಏಕಾರ ಯಾವ ಪದಕ್ಕೆ ಹತ್ತಿತು ನೋಡಿ. ಇಂಗ್ಲಿಷಿನಲ್ಲಿ ಆ ಪದದ ಒತ್ತಿನ ಅಕ್ಷರದಲ್ಲಿ ದನಿಯನ್ನು ಎತ್ತಿ, ಅಲ್ಲಿಂದ ವಾಕ್ಯ ಮುಗಿಯುವವರೆಗೆ ದನಿಯನ್ನು ಕೆಳಗೇ ಇಡಿ. ಎರಡನೆಯ ಸಲ ದನಿ ಮೇಲೇಳಬಾರದು. ನಮ್ಮವರು ಹೆಚ್ಚಾಗಿ ತಪ್ಪುವುದು ಇಲ್ಲೇ: ‘ಐ’ ಮೇಲೆ ದನಿ ಎತ್ತುತ್ತಾರೆ, ಕೊನೆಯ ‘ಯೆಸ್ಟರ್ಡೇ’ಯಲ್ಲಿ ಮತ್ತೆ ಎತ್ತುತ್ತಾರೆ. ಎರಡು ದೀಪ ಒಟ್ಟಿಗೆ ಉರಿದಂತಾಗಿ ಕೇಳುವವರಿಗೆ ಯಾವುದನ್ನು ನೋಡಬೇಕು ಎಂದು ತಿಳಿಯುವುದಿಲ್ಲ.

ಏಕಾರ ಹಚ್ಚುವ ಅಗತ್ಯವೇ ಇಲ್ಲದ ಸಾದಾ ವಾಕ್ಯವಾದರೆ, ದೊಡ್ಡ ಒತ್ತು ಕೊನೆಯ ಅರ್ಥವುಳ್ಳ ಪದಕ್ಕೆ ಹೋಗುತ್ತದೆ. ‘ವಾಟ್ಸ್ ಯುವರ್ ನೇಮ್’ ಎನ್ನಬೇಕು. ನಾವು ‘ಯುವರ್’ ಮೇಲೂ ಒತ್ತು ಹಾಕಿದರೆ, ‘ಇವರದ್ದು ಗೊತ್ತಾಯಿತು, ನಿಮ್ಮದೇನು?’ ಎಂದು ಕೇಳಿದಂತಾಗುತ್ತದೆ.

ಒಂದೇ ತಾಳಕ್ಕೆ ಐದಕ್ಷರ, ಹತ್ತಕ್ಷರ

ಅಮೆರಿಕದ ಭಾಷಾವಿಜ್ಞಾನಿ ಕೆನೆತ್ ಪೈಕ್ 1945ರಲ್ಲಿ ಭಾಷೆಗಳ ಲಯವನ್ನು ಎರಡು ಬಗೆಯಾಗಿ ವಿಂಗಡಿಸಿದರು: ಅಕ್ಷರ ಎಣಿಸಿ ನಡೆಯುವ ಲಯ ಒಂದು, ಒತ್ತಿನಿಂದ ಒತ್ತಿಗೆ ನಡೆಯುವ ಲಯ ಇನ್ನೊಂದು. ಇಂಗ್ಲಿಷ್ ಎರಡನೆಯದು. ಮುಂದೆ ಯಂತ್ರಗಳಲ್ಲಿ ಅಳೆದಾಗ ಒತ್ತುಗಳ ನಡುವಿನ ಕಾಲ ಗಡಿಯಾರದಷ್ಟು ಸಮವಾಗಿಲ್ಲ ಎಂಬುದು ಕಂಡಿತು. ಹಾಗಾಗಿ ಇದನ್ನು ಕಟ್ಟುನಿಟ್ಟಿನ ನಿಯಮವಾಗಿ ನಂಬಬೇಕಿಲ್ಲ. ಅಭ್ಯಾಸಕ್ಕೆ ಮಾತ್ರ ಇದು ಬಹಳ ಉಪಯೋಗದ ಮಾತು.

ಇದನ್ನು ನಮ್ಮ ಮಾತ್ರಾಗಣದಿಂದ ತಿಳಿಯುವುದು ಸುಲಭ. ನಾಲ್ಕು ಮಾತ್ರೆಯ ಗಣದಲ್ಲಿ ‘ಬಾರೋ’ ಎಂದು ಎರಡು ಅಕ್ಷರ ಇರಬಹುದು, ‘ಮಲ್ಲಿಗೆ’ ಎಂದು ಮೂರು, ‘ಹರಿಯುವ’ ಎಂದು ನಾಲ್ಕು. ಅಕ್ಷರ ಎಷ್ಟಿದ್ದರೂ ಗಣ ಹಿಡಿಯುವ ಕಾಲ ಒಂದೇ. ಇಂಗ್ಲಿಷ್ ಮಾತೂ ಹೀಗೆ ಒತ್ತಿನಿಂದ ಒತ್ತಿಗೆ ಒಂದೊಂದು ಗಣ ಕಟ್ಟಿಕೊಂಡು ನಡೆಯುತ್ತದೆ. ಆದರೆ ನಮ್ಮಲ್ಲಿ ಲಘು ಗುರುಗಳ ಅಳತೆ ಮೊದಲೇ ಗೊತ್ತಾಗಿದ್ದು, ಕವಿ ಅವನ್ನು ಆಯ್ದು ಗಣಕ್ಕೆ ಹೊಂದಿಸುತ್ತಾನೆ. ಇಂಗ್ಲಿಷಿನಲ್ಲಿ ಒತ್ತಿಲ್ಲದ ಅಕ್ಷರ ಎಷ್ಟು ಜಾಗ ಸಿಕ್ಕಿತೋ ಅಷ್ಟಕ್ಕೆ ತನ್ನನ್ನು ಕುಗ್ಗಿಸಿಕೊಳ್ಳುತ್ತದೆ.

ಮೇಜಿನ ಮೇಲೆ ಸಮನಾಗಿ ಮೂರು ತಾಳ ತಟ್ಟುತ್ತ ಈ ಮೂರು ವಾಕ್ಯ ಹೇಳಿ ನೋಡಿ:

ಫಾರ್ಮರ್ಸ್ ಗ್ರೋ ರಾಗಿ.
ದ ಫಾರ್ಮರ್ಸ್ ಅರ್ ಗ್ರೋಯಿಂಗ್ ದ ರಾಗಿ.
ದ ಫಾರ್ಮರ್ಸ್ ಅವ್ ಬಿನ್ ಗ್ರೋಯಿಂಗ್ ದ ರಾಗಿ.

ಅಕ್ಷರಗಳು 5, 9, 10. ತಾಳ ಮೂರರಲ್ಲಿಯೂ 3. ಫೋನಿನ ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಶುರು ಮಾಡಿ, ಸಲೀಸಾದ ಮೇಲೆ 80, ಆಮೇಲೆ 100ಕ್ಕೆ ಏರಿಸಬಹುದು. ಎರಡನೆಯ, ಮೂರನೆಯ ವಾಕ್ಯದ ‘ದ’ ತಾಳಕ್ಕಿಂತ ಮೊದಲೇ ಬರಬೇಕು, ತಾಳದ ಪೆಟ್ಟು ‘ಫಾರ್’ ಮೇಲೆ ಬೀಳಬೇಕು. ಇಲ್ಲಿ ಎರಡು ಬಗೆಯ ತಪ್ಪು ಕಾಣುತ್ತದೆ. ಕೆಲವರು ‘ಹ್ಯಾವ್ ಬೀನ್’ ಎಂದು ಪೂರ್ತಿ ಹೇಳಹೋಗಿ ‘ಗ್ರೋ’ಗೆ ತಡವಾಗುತ್ತಾರೆ. ಇನ್ನು ಕೆಲವರು ತಾಳ ಹಿಡಿಯುವ ಭರದಲ್ಲಿ ಆ ಸಣ್ಣ ಪದಗಳನ್ನು ನುಂಗಿಯೇಬಿಡುತ್ತಾರೆ. ಆಗ ವ್ಯಾಕರಣ ಹೋಗುತ್ತದೆ. ಅವು ಇರಬೇಕು, ಸ್ವರ ಮಾತ್ರ ಸವೆಯಬೇಕು.

ಪದದ ಕೊನೆಗೆ ನಾವು ಸೇರಿಸುವ ಉಕಾರವೂ ತಾಳ ಕೆಡಿಸುತ್ತದೆ. ಬಸ್ಸು, ರಿಪೋರ್ಟು ಎಂದಾಗ ಒಂದು ಅಕ್ಷರ ಹೆಚ್ಚಾಯಿತು, ಮುಂದಿನ ಪದಕ್ಕೆ ಜಾರುವ ದಾರಿ ಮುಚ್ಚಿತು. ಉಕಾರದ ಜಾಗದಲ್ಲಿ ಮುಂದಿನ ಪದವನ್ನೇ ತಂದು ಅಂಟಿಸುವುದು ಇದಕ್ಕೆ ಪರಿಹಾರ: ‘ರಿಪೋರ್ಟು ಆನ್’ ಬೇಡ, ‘ರಿಪೋರ್ಟಾನ್’.

ಮೊದಲ ವಾಕ್ಯಕ್ಕೆ ಮರಳಿ

ಈಗ ಮೇಲಿನ 14 ಅಕ್ಷರದ ವಾಕ್ಯವನ್ನು ಕಟ್ಟೋಣ. ಇದರಲ್ಲಿ ಅರ್ಥ ಹೊರುವ ಪದಗಳು ನಾಲ್ಕು: ಕಳಿಸು, ವರದಿ, ಮ್ಯಾನೇಜರ್, ಗುರುವಾರ. ಆದ್ದರಿಂದ ತಾಳವೂ ನಾಲ್ಕು. ಕನ್ನಡದಲ್ಲಿ ವಿಭಕ್ತಿಯಾಗಿ, ಕ್ರಿಯೆಯ ತುದಿಯಾಗಿ ಹತ್ತಿಕೊಳ್ಳುವ ‘ಗೆ’, ‘ಬಲ್ಲೆ’ಗಳಂಥವು ಅಲ್ಲಿ ‘ಟು’, ‘ಕ್ಯಾನ್’ ಎಂಬ ಬಿಡಿಪದಗಳು. ಬಿಡಿಯಾಗಿ ಬರೆದರೂ ಅವನ್ನು ಪ್ರತ್ಯಯದಂತೆಯೇ ಪಕ್ಕದ ಪದಕ್ಕೆ ಅಂಟಿಸಿ ಹೇಳಬೇಕು ಎಂದುಕೊಂಡರೆ ಕೆಲಸ ಅರ್ಧ ಮುಗಿಯಿತು. ಕನ್ನಡದಲ್ಲಿ ಪ್ರತ್ಯಯ ಹಿಂದಿನ ಪದಕ್ಕೆ ಅಂಟುತ್ತದೆ, ಅಲ್ಲಿ ಮುಂದಿನ ಪದಕ್ಕೆ.

ಕಟ್ಟುವುದನ್ನು ಕೊನೆಯಿಂದ ಶುರು ಮಾಡಬೇಕು. ಮೊದಲಿನಿಂದ ಹೇಳುತ್ತ ಹೋದರೆ ಕೊನೆಗೆ ಬರುವಷ್ಟರಲ್ಲಿ ಉಸಿರೂ ಗಮನವೂ ಸಡಿಲಾಗುತ್ತವೆ, ದೊಡ್ಡ ಒತ್ತು ಇರುವುದು ಅಲ್ಲಿಯೇ. ‘ಆನ್ ಥರ್ಸ್ಡೇ’ ಎಂದು ಐದು ಸಲ ಹೇಳಿ. ಅದು ಕೂತ ಮೇಲೆ ‘ಟ ದ ಮ್ಯಾನಿಜರ್ ಆನ್ ಥರ್ಸ್ಡೇ’. ಇಲ್ಲಿ ‘ಟು’ ಎಂಬುದು ‘ಟ’ ಆಗಿದೆ, ‘ಟ ದ’ ಎರಡೂ ಸೇರಿ ‘ಮ್ಯಾ’ದ ಅರ್ಧದಷ್ಟೂ ಕಾಲ ಹಿಡಿಯಬಾರದು. ಆಮೇಲೆ ‘ದ ರಿಪೋರ್ಟ್ ಟ ದ ಮ್ಯಾನಿಜರ್ ಆನ್ ಥರ್ಸ್ಡೇ’. ಇಲ್ಲಿ ಪೋರ್ಟಿನ ಟಕಾರವೂ ‘ಟ’ದ ಟಕಾರವೂ ಕೂಡಿ ಒಂದೇ ಆಗುತ್ತವೆ. ಕೊನೆಗೆ ಪೂರ್ತಿ ವಾಕ್ಯ:

ಐಕನ್ ಸೆಂಡ್ ದರಿಪೋರ್ಟದ ಮ್ಯಾನಿಜರಾನ್ ಥರ್ಸ್ಡೇ.

‘ಸೆಂಡ್’ಗಿಂತ ಮೊದಲು ‘ಐಕನ್’ ಎಂಬುದು ತಾಳಕ್ಕೆ ಮುಂಚಿನ ಎತ್ತುಗಡೆ. ‘ಕಳಿಸಲಾರೆ’ ಎನ್ನಬೇಕಾದಾಗ ತಾಳ ಐದಾಗುತ್ತದೆ: ಐ ಕ್ಯಾಂಟ್ ಸೆಂಡ್ ಎಂದು ಎರಡು ಪೆಟ್ಟು ಅಕ್ಕಪಕ್ಕದಲ್ಲಿಯೇ ಬೀಳುತ್ತವೆ. ಈ ಎರಡು ವಾಕ್ಯಗಳನ್ನು ಒಂದರ ಹಿಂದೆ ಒಂದು ಹೇಳಿ, ಗೆಳೆಯರೊಬ್ಬರು ಕಣ್ಣು ಮುಚ್ಚಿ ‘ಆಗುತ್ತದೆ’, ‘ಆಗುವುದಿಲ್ಲ’ ಎಂದು ಗುರುತಿಸಲಿ. ಹತ್ತರಲ್ಲಿ ಒಂಬತ್ತು ಸಲ ಸರಿ ಗುರುತಿಸಿದರೆ ಈ ಪಾಠ ಬಾಯಿಗೆ ಬಂದಿದೆ ಎಂದು ತಿಳಿಯಬಹುದು.

ಸರಿಯಾಯಿತೇ ಎಂದು ಕಂಡುಕೊಳ್ಳುವುದು

ಹೇಳುತ್ತಿರುವಾಗ ನಮ್ಮ ತಪ್ಪು ನಮಗೆ ಕೇಳುವುದಿಲ್ಲ. ಫೋನಿನಲ್ಲಿ ಧ್ವನಿಮುದ್ರಣ ಮಾಡಿ, ಕೂಡಲೇ ಕೇಳದೆ ಮರುದಿನ ಕೇಳಿದರೆ ಕಿವಿ ಬೇರೆಯವರ ಮಾತು ಕೇಳುವಂತೆ ಕೇಳುತ್ತದೆ. ಕೇಳುವಾಗ ಪದಗಳನ್ನು ಬಿಟ್ಟು ಬಾಯಿ ಮುಚ್ಚಿ ‘ಹ್ಮ್’ ಎಂದು ಆ ವಾಕ್ಯವನ್ನು ಗುನುಗಿ. ಗುನುಗಿನಲ್ಲಿ ಏರಿಳಿತ ಸಿಕ್ಕರೆ ಒತ್ತು ಇದೆ. ಮಗ್ಗಿ ಒಪ್ಪಿಸಿದ ಹಾಗೆ ಸಮನಾಗಿ ಬಂದರೆ ಇಲ್ಲ. ಮಾದರಿ ಬೇಕಾದರೆ YouGlish ತಾಣದಲ್ಲಿ ಯಾವುದೇ ಪದವನ್ನು ಹುಡುಕಿದರೆ, ಅದನ್ನು ಬೇರೆ ಬೇರೆಯವರು ಸಹಜವಾಗಿ ಆಡಿದ ವಿಡಿಯೊ ತುಣುಕುಗಳು ಸಿಗುತ್ತವೆ. ನಿಘಂಟಿನ ಬಿಡಿಪದದ ಉಚ್ಚಾರಣೆಗಿಂತ ಇದು ಒಳ್ಳೆಯದು, ಸಣ್ಣ ಪದಗಳು ಸವೆಯುವುದು ವಾಕ್ಯದೊಳಗೆ ಮಾತ್ರ ಕೇಳುತ್ತದೆ.

ಕಣ್ಣಿಂದಲೂ ನೋಡಬೇಕು ಎನ್ನುವವರು ಕಂಪ್ಯೂಟರಿನಲ್ಲಿ Praat ಎಂಬ ಉಚಿತ ತಂತ್ರಾಂಶ ಬಳಸಬಹುದು. ಆಮ್‌ಸ್ಟರ್ಡಾಮ್ ವಿಶ್ವವಿದ್ಯಾಲಯದ ಧ್ವನಿವಿಜ್ಞಾನಿಗಳು ಅದನ್ನು ಮಾಡಿದ್ದಾರೆ. New ಪಟ್ಟಿಯಲ್ಲಿ Record mono Sound ಒತ್ತಿ ವಾಕ್ಯ ಮುದ್ರಿಸಿ, Save to list ಒತ್ತಿ, ಆಮೇಲೆ View & Edit ತೆರೆದರೆ ದನಿಯ ಸ್ಥಾಯಿ ನೀಲಿ ಗೆರೆಯಾಗಿ ಕಾಣುತ್ತದೆ. ಕಾಣದಿದ್ದರೆ Pitch ಪಟ್ಟಿಯಲ್ಲಿ Show pitch ಆರಿಸಬೇಕು. ‘ಮ್ಯಾನಿಜರ್’ ಪದದ ಭಾಗವನ್ನು ಮೌಸಿನಿಂದ ಆಯ್ದರೆ ಅದು ಎಷ್ಟು ಸೆಕೆಂಡು ಹಿಡಿಯಿತು ಎಂದೂ ತೋರಿಸುತ್ತದೆ. ‘ಮ್ಯಾ’ವನ್ನೂ ‘ನಿ’ಯನ್ನೂ ಬೇರೆಬೇರೆ ಆಯ್ದು ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆ ಬಂದರೆ ‘ನೇ’ಯ ದೀರ್ಘ ಇನ್ನೂ ಹೋಗಿಲ್ಲ.

ಎಲ್ಲವನ್ನೂ ಒಂದೇ ಸಲ ತಿದ್ದಹೋದರೆ ಮಾತೇ ನಿಂತುಹೋಗುತ್ತದೆ. ಯಾವುದು ಮೊದಲು ಎಂಬುದಕ್ಕೆ ಆಧಾರಗಳಿವೆ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಲ್ಲಿದ್ದ ಆರ್. ಕೆ. ಬನ್ಸಲ್ ಅವರ 1969ರ ಅಧ್ಯಯನ, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರಲು ಪದದ ಒತ್ತು ತಪ್ಪುವುದು ಒಂದು ಮುಖ್ಯ ಕಾರಣ ಎಂದು ತೋರಿಸಿತು. ಬ್ರಿಟನ್ನಿನ ಜೆನಿಫರ್ ಜೆಂಕಿನ್ಸ್ 2000ರಲ್ಲಿ ಇನ್ನೊಂದು ಮಾತು ಹೇಳಿದರು: ಇಂಗ್ಲಿಷ್ ತಾಯ್ನುಡಿಯಲ್ಲದವರು ತಮ್ಮತಮ್ಮಲ್ಲಿ ಆಡುವಾಗ ವಾಕ್ಯದ ದೊಡ್ಡ ಒತ್ತು ಸರಿಯಿರಲೇಬೇಕು, ಸಣ್ಣ ಪದಗಳನ್ನು ಸವೆಸುವುದು ಅಷ್ಟು ಅಗತ್ಯವಲ್ಲ. ನಾವು ಕೊಡುವ ಸಲಹೆಯೂ ಇದೇ ಕ್ರಮದ್ದು. ಏಕಾರದ ಅಭ್ಯಾಸ ಮೊದಲು, ಅದರ ಜೊತೆಗೆ ನಿಮ್ಮ ಕೆಲಸದಲ್ಲಿ ದಿನವೂ ಬರುವ 30 ಪದಗಳ ಒತ್ತು. ರಾಗಿಯ ತಾಳ ಆಮೇಲೆ. ಸಣ್ಣ ಪದಗಳಲ್ಲಿ ‘ಕ್ಯಾನ್’ ಒಂದನ್ನು ಮಾತ್ರ ಮೊದಲ ದಿನವೇ ತಿದ್ದಿಕೊಳ್ಳಿ, ಅದು ತಪ್ಪಿದರೆ ಅರ್ಥವೇ ತಿರುಗುತ್ತದೆ.

ದಿನಕ್ಕೆ 15 ನಿಮಿಷ ಸಾಕು. ಐದು ನಿಮಿಷ ಪದಗಳಿಗೆ, ಐದು ನಿಮಿಷ ಒಂದೇ ವಾಕ್ಯವನ್ನು ಕೊನೆಯಿಂದ ಕಟ್ಟಲು. ಉಳಿದ ಐದು ನಿಮಿಷ ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಅದೇ ಮುಖ್ಯ: ಕಟ್ಟಿದ ವಾಕ್ಯವನ್ನು ಕಾಗದ ನೋಡದೆ, ಪದ ಬದಲಿಸಿ ಹೇಳುವುದು. ಥರ್ಸ್‌ಡೇ ಹೋಗಿ ಮಂಡೇ ಬರಲಿ, ರಿಪೋರ್ಟ್ ಹೋಗಿ ಸರ್ಟಿಫಿಕೇಟ್ ಬರಲಿ. ಓದಿ ಹೇಳುವಾಗ ಕೂತ ಒತ್ತು, ಯೋಚಿಸುತ್ತ ಮಾತಾಡುವಾಗ ಮೊದಮೊದಲು ಮಾಯವಾಗುತ್ತದೆ, ಮನಸ್ಸೆಲ್ಲ ವಿಷಯದ ಮೇಲಿರುವುದರಿಂದ ಹಾಗಾಗುವುದು ಸಹಜ. ಆಗ ವೇಗ ತಗ್ಗಿಸಿ, ಅರ್ಥ ಮುರಿಯುವಲ್ಲಿ ಸಣ್ಣಗೆ ನಿಂತು, ಒಂದೊಂದು ತುಣುಕಿನಲ್ಲಿ ಒಂದೇ ಒಂದು ದೊಡ್ಡ ಒತ್ತನ್ನು ಸರಿಯಾಗಿ ಇಡಲು ನೋಡಿ: ‘ಐಕನ್ ಸೆಂಡಿಟ್’, ಒಂದು ಕ್ಷಣ ನಿಂತು, ‘ಆನ್ ಥರ್ಸ್ಡೇ’.